ಬೋಂಡಾಕ್ಕೆ ಚಿಟಿಕೆ, ನನಗೆ ಇಪ್ಪತ್ತೊಂದು ಗ್ರಾಂ: ಓಟಕ್ಕೆ ಮೊದಲು ಸೋಡಾ ತಿಂದ ನನ್ನ ಅನುಭವ

ಇಪ್ಪತ್ತೊಂದು ಗ್ರಾಂ ಅಡುಗೆ ಸೋಡಾ ಅಂದರೆ ಎಷ್ಟು ಅಂತ ಅಡುಗೆಮನೆ ತಕ್ಕಡಿಯ ಮೇಲೆ ಸುರಿದು ನೋಡುವ ತನಕ ನನಗೆ ಅಂದಾಜೇ ಇರಲಿಲ್ಲ. ಮಟ್ಟವಾಗಿ ತುಂಬಿದ ನಾಲ್ಕೂವರೆ ಟೀ ಚಮಚ. ನನ್ನ ಹೆಂಡತಿ ಇಡೀ ಮನೆಗಾಗುವಷ್ಟು ಮೈಸೂರು ಬೋಂಡಾಕ್ಕೆ ಒಂದು ಚಿಟಿಕೆ ಹಾಕುತ್ತಾಳೆ. ತಕ್ಕಡಿ ನೋಡಿ ಅವಳು ಕೇಳಿದ್ದು ಇಷ್ಟೇ: "ಇದೆಲ್ಲಾ ಒಬ್ಬರಿಗೇನಾ ರೀ?"

ನನಗೀಗ 43, ತೂಕ 70 ಕೆ.ಜಿ. ಮಾಸ್ಟರ್ಸ್ ವಿಭಾಗದಲ್ಲಿ 400 ಮೀಟರ್ ಓಡುತ್ತೇನೆ, ಚಳಿಗಾಲದಲ್ಲಿ ಓಟಕ್ಕೆ ಬಿಡುವು ಕೊಟ್ಟು ರೋಯಿಂಗ್ ಮೆಷಿನ್ ಮೇಲೆ 2000 ಮೀಟರ್ ಎಳೆಯುತ್ತೇನೆ. ಓಟಕ್ಕೆ ಮೊದಲು ಸೋಡಾ ತಿಂದರೆ ಕೊನೆಯಲ್ಲಿ ಕಾಲು ಸೋಲುವುದು ತಡವಾಗುತ್ತದೆ ಅಂತ ಕಿವಿಗೆ ಹಾಕಿದ್ದು ಹಿಂದೆ ಸೇನೆಯಲ್ಲಿ ದೋಣಿ ನಡೆಸುತ್ತಿದ್ದ ಒಬ್ಬ ಹಿರಿಯರು. "ಕೆಲಸ ಮಾಡುತ್ತೆ ಸಾರ್, ಹೊಟ್ಟೆ ಒಪ್ಪಿದರೆ" ಅಂದಿದ್ದರು. ಆ ಎರಡನೇ ಮಾತನ್ನು ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ.

ಇದರ ಲೆಕ್ಕ ಹೀಗೆ. 400 ಮೀಟರ್ ಓಟದ ಕೊನೆಯ ನೂರರಲ್ಲಿ ಕಾಲು ಕಲ್ಲಾಗುವುದಕ್ಕೆ ಒಂದು ಕಾರಣ ಸ್ನಾಯುವಿನೊಳಗೆ ಆಮ್ಲೀಯತೆ ಏರುವುದು. ಅಡುಗೆ ಸೋಡಾ ಅಂದರೆ ಸೋಡಿಯಂ ಬೈಕಾರ್ಬೊನೇಟ್, ಆಮ್ಲವನ್ನು ತಣಿಸುವ ವಸ್ತು. ಅದು ಸ್ನಾಯುವಿನೊಳಗೆ ನೇರವಾಗಿ ಹೋಗುವುದಿಲ್ಲ, ರಕ್ತದಲ್ಲೇ ಉಳಿಯುತ್ತದೆ. ರಕ್ತದಲ್ಲಿ ಮಾಮೂಲಿಯಾಗಿ ಲೀಟರಿಗೆ ಸುಮಾರು 24 ಮಿಲಿಮೋಲ್ ಬೈಕಾರ್ಬೊನೇಟ್ ಇರುತ್ತದೆ. ಅದು ಐದಾರು ಮಿಲಿಮೋಲ್ ಹೆಚ್ಚಾದರೆ ಸ್ನಾಯುವಿನ ಆಮ್ಲ ಹೊರಗೆ ಹರಿಯುವುದು ಸಲೀಸಾಗುತ್ತದೆ. ಆದ್ದರಿಂದ ಇದು ಅರ್ಧ ನಿಮಿಷದಿಂದ ಹತ್ತು ಹನ್ನೆರಡು ನಿಮಿಷದವರೆಗೆ ಪೂರ್ತಿ ದಮ್ಮು ಹಾಕಿ ಮಾಡುವ ಕೆಲಸಕ್ಕೆ ಮಾತ್ರ. ನೂರು ಮೀಟರ್ ಓಡುವವರಿಗೆ ಆಮ್ಲ ಸೇರುವ ಮೊದಲೇ ಓಟ ಮುಗಿದಿರುತ್ತದೆ, ಸೋಡಾ ತಿಂದರೆ ಸಿಗುವುದು ಹೊಟ್ಟೆನೋವು ಮಾತ್ರ. ಓಟದಲ್ಲಿ ಇದರ ಪ್ರಯೋಜನ 400ರವರಿಗೆ, ಜೊತೆಗೆ 800ರವರಿಗೆ. 2000 ಮೀಟರ್ ರೋಯಿಂಗ್ ಆರರಿಂದ ಎಂಟು ನಿಮಿಷ ಹಿಡಿಯುವುದರಿಂದ ಅದೂ ಈ ಲೆಕ್ಕದೊಳಗೆ ಬರುತ್ತದೆ.

ಪ್ರಮಾಣ ಎಲ್ಲ ಕಡೆ ಒಂದೇ ಹೇಳುತ್ತಾರೆ: ದೇಹತೂಕದ ಪ್ರತಿ ಕೆ.ಜಿ.ಗೆ 0.3 ಗ್ರಾಂ. 0.2ಕ್ಕಿಂತ ಕಡಿಮೆಯಾದರೆ ಫಲ ಕಾಣುವುದು ಕಷ್ಟ, 0.4 ದಾಟಿದರೆ ಫಲ ಹೆಚ್ಚುವುದಿಲ್ಲ, ಹೊಟ್ಟೆಯ ಗಲಾಟೆ ಹೆಚ್ಚುತ್ತದೆ. ನನ್ನ 70ಕ್ಕೆ 0.3 ಅಂದರೆ 21. ಅಷ್ಟನ್ನೂ ಒಂದು ದೊಡ್ಡ ಲೋಟ ನೀರಿಗೆ ಕದಡಿದೆ. ರುಚಿ ಸಾಬೂನಿನ ಹಾಗಿತ್ತು. ಒಂದು ನಿಂಬೆಹಣ್ಣು ಹಿಂಡಿಬಿಟ್ಟೆ, ನೊರೆ ಉಕ್ಕಿತು, ಚೆಂದ ಅನ್ನಿಸಿತು. ಅದು ನನ್ನ ಮೊದಲ ಪೆದ್ದುತನ. ಆ ನೊರೆ ಅಂದರೆ ನಿಂಬೆಯ ಆಮ್ಲಕ್ಕೆ ಒಂದಷ್ಟು ಸೋಡಾ ಖರ್ಚಾಯಿತು ಅಂತ. ರಕ್ತಕ್ಕೆ ಹೋಗಬೇಕಾದ್ದು ಲೋಟದಲ್ಲೇ ಗಾಳಿಯಾಯಿತು. ಎರಡನೇ ಪೆದ್ದುತನ, ಖಾಲಿ ಹೊಟ್ಟೆಯಲ್ಲಿ ಒಂದೇ ಗುಟುಕಿಗೆ ಕುಡಿದದ್ದು. ಮೂರನೆಯದು, ಓಟಕ್ಕೆ ಒಂದೇ ಗಂಟೆ ಮೊದಲು ಕುಡಿದದ್ದು.

ಇಪ್ಪತ್ತು ನಿಮಿಷಕ್ಕೆ ತೇಗು ಶುರುವಾಯಿತು. ಹೊಟ್ಟೆಯ ಆಮ್ಲಕ್ಕೆ ಸೋಡಾ ಸೇರಿ ಇಂಗಾಲದ ಡೈಆಕ್ಸೈಡ್ ಹೊರಡುತ್ತದಲ್ಲ, ಅದು. ಅರ್ಧ ಗಂಟೆಗೆ ಹೊಟ್ಟೆ ತಮಟೆಯಂತೆ ಬಿಗಿಯಿತು, ವಾಕರಿಕೆ ಬಂತು. ಐವತ್ತನೇ ನಿಮಿಷಕ್ಕೆ, ಅಂದರೆ ವಾರ್ಮಪ್ ಮುಗಿಸಿ ಸ್ಪೈಕ್ಸ್ ಕಟ್ಟುವ ಹೊತ್ತಿಗೆ, ಭೇದಿ. ಕರುಳಿನಲ್ಲಿ ಅಷ್ಟೊಂದು ಸೋಡಿಯಂ ಕೂತರೆ ಅದು ಮೈಯ ನೀರನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ, ಆ ನೀರು ಹೋಗುವ ದಾರಿ ಒಂದೇ. ನನ್ನ ಹೀಟ್ ಕರೆದಾಗ ನಾನು ಶೌಚಾಲಯದ ಒಳಗಿದ್ದೆ. ಮೈಕಿನಲ್ಲಿ ಮೂರು ಸಲ ನನ್ನ ಚೆಸ್ಟ್ ನಂಬರ್ ಕೂಗಿದ್ದು ಅಲ್ಲಿಂದಲೇ ಕೇಳಿಸುತ್ತಿತ್ತು.

ಬಿಟ್ಟುಬಿಡಬೇಕಿತ್ತು, ಆದರೆ ಹಟ. ಈ ಸಲ ಆ ಹಿರಿಯರ ಮುಂದೆ ಕೂತು ಪೂರ್ತಿ ಕೇಳಿಸಿಕೊಂಡೆ. ಅವರು ಮೊದಲು ಕೇಳಿದ್ದು ಯಾವ ಡಬ್ಬ ಅಂತ. ಬೇಕಿಂಗ್ ಪೌಡರ್ ಬೇರೆ, ಅಡುಗೆ ಸೋಡಾ ಬೇರೆ. ಪೌಡರಿನಲ್ಲಿ ಆಮ್ಲವೂ ಪಿಷ್ಟವೂ ಬೆರೆತಿರುತ್ತದೆ, ಈ ಕೆಲಸಕ್ಕೆ ಬರುವುದಿಲ್ಲ. ನಾನು ಆ ತಪ್ಪೊಂದನ್ನು ಮಾಡಿರಲಿಲ್ಲ.

ಆಮೇಲೆ ಮೂರು ಬದಲಾವಣೆ ಮಾಡಿಕೊಂಡೆ. ಪುಡಿಯನ್ನು ಖಾಲಿ ಕ್ಯಾಪ್ಸೂಲಿಗೆ ತುಂಬಿದೆ. ದೊಡ್ಡ ಗಾತ್ರದ ಒಂದು ಕ್ಯಾಪ್ಸೂಲು ನನ್ನ ಕೈಯಲ್ಲಿ ಒಂದು ಗ್ರಾಂಗೆ ತುಸು ಕಡಿಮೆ ಹಿಡಿಯಿತು. ಪ್ರಮಾಣವನ್ನು 0.2ಕ್ಕೆ ಇಳಿಸಿದೆ. 14 ಗ್ರಾಂ, ಹದಿನಾರು ಕ್ಯಾಪ್ಸೂಲು. ಮತ್ತು ಅವನ್ನು ಒಟ್ಟಿಗೆ ನುಂಗದೆ, ನಾಲ್ಕು ನಾಲ್ಕರಂತೆ ಮುಕ್ಕಾಲು ಗಂಟೆಗೆ ಹಂಚಿ, ಮೂರು ಇಡ್ಲಿ ಮತ್ತು ಬಾಳೆಹಣ್ಣಿನ ಜೊತೆ, ಅರ್ಧ ಲೀಟರಿಗಿಂತ ಸ್ವಲ್ಪ ಹೆಚ್ಚು ನೀರಿನಲ್ಲಿ ತೆಗೆದುಕೊಂಡೆ. ಅನ್ನದಂಥ ಪಿಷ್ಟದ ತಿಂಡಿ ಜೊತೆಗಿದ್ದರೆ ಹೊಟ್ಟೆ ಕೆಡುವುದು ಕಡಿಮೆ. ಸಾಂಬಾರು, ಚಟ್ನಿ, ಕರಿದದ್ದು ಆ ದಿನ ಬೇಡ. ಹಾಗಂತ ಗಡದ್ದಾಗಿ ಊಟ ಹೊಡೆದು ಅದರ ಮೇಲೆ ಸೋಡಾ ಸುರಿಯಲೂ ಬಾರದು. ತುಂಬಿದ ಹೊಟ್ಟೆಯ ಮೇಲೆ ಸೋಡಾ ಬಿದ್ದು ಗಾಳಿ ಕಟ್ಟಿ ಜಠರವೇ ಒಡೆದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ತೀರ ಅಪರೂಪ, ಆದರೆ ಇವೆ. ಉಬ್ಬರ ಬೇರೆ, ಕುಯ್ದಂತಹ ತಡೆಯಲಾರದ ನೋವು ಬೇರೆ. ಎರಡನೆಯದು ಬಂದರೆ ಆಸ್ಪತ್ರೆಗೆ ಹೋಗಬೇಕು, ಟ್ರ್ಯಾಕಿಗಲ್ಲ.

ಇನ್ನು ಸಮಯ. ಪುಸ್ತಕದ ಲೆಕ್ಕದಲ್ಲಿ ಒಂದರಿಂದ ಮೂರು ಗಂಟೆ ಮೊದಲು. ಅಷ್ಟು ಅಗಲವಾದ ಅಂತರ ಯಾಕೆಂದರೆ ರಕ್ತದಲ್ಲಿ ಬೈಕಾರ್ಬೊನೇಟ್ ತುತ್ತತುದಿಗೆ ಹೋಗುವ ಹೊತ್ತು ಒಬ್ಬೊಬ್ಬರಿಗೆ ಒಂದೊಂದು. ದೊಡ್ಡ ತಂಡದವರು ರಕ್ತ ತೆಗೆದು ಅಳೆದುಕೊಳ್ಳುತ್ತಾರೆ. ನಮ್ಮಂಥವರಿಗೆ ಅದೆಲ್ಲಿಂದ? ನಾನು ಭಾನುವಾರ ಮನೆಯಲ್ಲಿ ಕೂತು, ಓಡದೆ, ಬರೀ ನುಂಗಿ ನೋಟ್‌ಬುಕ್ಕಿನಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಹೊಟ್ಟೆಯ ಸ್ಥಿತಿ ಬರೆದೆ. ನನ್ನ ಹೊಟ್ಟೆ ತೀರ ಕೆಡುವುದು 60ರಿಂದ 90ನೇ ನಿಮಿಷದಲ್ಲಿ, ತಣ್ಣಗಾಗುವುದು ಎರಡೂವರೆ ಗಂಟೆಗೆ. ಹಾಗಾಗಿ ಈಗ ಮೊದಲ ಕ್ಯಾಪ್ಸೂಲು ಓಟಕ್ಕೆ ಮೂರು ಗಂಟೆ ಮೊದಲು, ಕೊನೆಯದು ಎರಡೂಕಾಲು ಗಂಟೆ ಮೊದಲು. ಇದರಿಂದ ಒಂದು ತೊಡಕಿದೆ. ನಮ್ಮ ಕೂಟಗಳಲ್ಲಿ ಹತ್ತು ಗಂಟೆಯ ಓಟ ಹನ್ನೆರಡಕ್ಕೆ ನಡೆಯುವುದು ಮಾಮೂಲು. ನುಂಗಿ ಆದಮೇಲೆ ಓಟ ಮುಂದೆ ಹೋದರೆ ಮಾಡುವುದಕ್ಕೆ ಏನೂ ಇಲ್ಲ.

ಹಾಗಾದರೆ ಫಲ ಸಿಕ್ಕಿತಾ? 400ರಲ್ಲಿ ಹೇಳಲಾರೆ. ವರ್ಷಕ್ಕೆ ನಾಲ್ಕೈದು ಓಟ, ಗಾಳಿ ಒಂದೊಂದು ದಿನ ಒಂದೊಂದು ಥರ, ಏನನ್ನು ಯಾವುದಕ್ಕೆ ಹೋಲಿಸುವುದು? ರೋಯಿಂಗ್ ಮೆಷಿನ್ನಿಗೆ ಗಾಳಿ ಮಳೆ ಇಲ್ಲವಲ್ಲ, ಅದರ ಮೇಲೆ ಪರೀಕ್ಷೆ ಮಾಡಿದೆ. ಹೆಂಡತಿ ಆರು ಪೊಟ್ಟಣ ಕಟ್ಟಿದಳು, ಮೂರರಲ್ಲಿ ಸೋಡಾ, ಮೂರರಲ್ಲಿ ಅಕ್ಕಿಹಿಟ್ಟು. ಯಾವುದು ಯಾವುದೆಂದು ಅವಳ ಚೀಟಿಯಲ್ಲಿ ಮಾತ್ರ. ವಾರಕ್ಕೊಂದರಂತೆ ಆರು ವಾರ 2000 ಮೀಟರ್ ಎಳೆದೆ. ಚೀಟಿ ಬಿಚ್ಚಿದಾಗ ಅಕ್ಕಿಹಿಟ್ಟಿನ ದಿನಗಳು 7:49, 7:46, 7:48, ಸೋಡಾದ ದಿನಗಳು 7:46, 7:43, 7:47. ಸರಾಸರಿ ಹಿಡಿದರೆ ಎರಡು ಸೆಕೆಂಡಿಗಿಂತ ತುಸು ಹೆಚ್ಚು ಲಾಭ. ಆದರೆ ಬರೀ ಅಕ್ಕಿಹಿಟ್ಟು ತಿಂದ ದಿನಗಳ ನಡುವೆಯೇ ಮೂರು ಸೆಕೆಂಡು ಏರಿಳಿತ ಇದೆ ನೋಡಿ. ಅದಕ್ಕಿಂತ ದೊಡ್ಡ ಸಮಸ್ಯೆ, ಚೀಟಿ ಬಿಚ್ಚುವ ಮೊದಲು ನಾನು ಆರರಲ್ಲಿ ಐದನ್ನು ಸರಿಯಾಗಿ ಊಹಿಸಿದ್ದೆ. ಸೋಡಾ ತಿಂದ ದಿನ ತೇಗು ಹೇಳಿಬಿಡುತ್ತದೆ. "ಇವತ್ತು ಸೋಡಾ" ಅಂತ ಗೊತ್ತಾದವನು ಸ್ವಲ್ಪ ಜೋರಾಗಿ ಎಳೆಯುವುದಿಲ್ಲವೇ? ಆ ಎರಡು ಸೆಕೆಂಡಿನಲ್ಲಿ ಎಷ್ಟು ಸೋಡಾದ್ದು, ಎಷ್ಟು ನನ್ನ ಹುರುಪಿನದು ಅಂತ ನಾನು ಪ್ರಮಾಣ ಮಾಡಲಾರೆ.

1983ರಲ್ಲಿ ಪ್ರಕಟವಾದ ಒಂದು ಪ್ರಯೋಗವನ್ನು ಇವತ್ತಿಗೂ ಎತ್ತಿ ಹೇಳುತ್ತಾರೆ. ಆರು ಮಂದಿ 800 ಮೀಟರ್ ಓಟಗಾರರು, ಹುಸಿ ಪುಡಿ ತಿಂದಾಗ ಸರಾಸರಿ 2:05.1, ಸೋಡಾ ತಿಂದಾಗ 2:02.9. ಎರಡು ಸೆಕೆಂಡಿಗೂ ಮೀರಿದ ಲಾಭ! ಆಮೇಲಿನ ಪ್ರಯೋಗಗಳನ್ನೆಲ್ಲ ಒಟ್ಟು ಮಾಡಿ ನೋಡಿದರೆ ಸಿಗುವುದು ಸಾಮಾನ್ಯವಾಗಿ ಅದಕ್ಕಿಂತ ಸಣ್ಣದು, ರೋಯಿಂಗಿನಲ್ಲಂತೂ ಫಲಿತಾಂಶ ಒಮ್ಮೆ ಹೀಗೆ ಒಮ್ಮೆ ಹಾಗೆ. ಫೈನಲ್ಲಿನಲ್ಲಿ ಅರ್ಧ ಸೆಕೆಂಡಿಗೆ ಪದಕ ತಪ್ಪುವವರಿಗೆ ಅದೂ ದೊಡ್ಡದೇ. ಉದ್ದೀಪನ ಮದ್ದಿನ ನಿಷೇಧ ಪಟ್ಟಿಯಲ್ಲಿ ಸೋಡಾ ಇಲ್ಲ, ಹಾಗಾಗಿ ಅವರು ಬಳಸುವುದರಲ್ಲಿ ಮೋಸವೇನೂ ಇಲ್ಲ. ಈಚೆಗೆ ಸೋಡಾವನ್ನು ಜೆಲ್ಲಿನಲ್ಲಿ ಸುತ್ತಿ, ಹೊಟ್ಟೆ ದಾಟಿ ಕರುಳಿನಲ್ಲಿ ಬಿಚ್ಚಿಕೊಳ್ಳುವಂತೆ ಮಾಡಿದ ತಯಾರಿಕೆಗಳೂ ಬಂದಿವೆ. ಒಂದು ಓಟಕ್ಕೆ ಅದರ ಬೆಲೆ ಕೇಳಿ ನಾನು ನನ್ನ ಕ್ಯಾಪ್ಸೂಲಿಗೇ ವಾಪಸ್ಸಾದೆ.

ಹವ್ಯಾಸಿಗಳು ಮಾಡಬೇಕಾ ಅಂತ ಕೇಳಿದರೆ ನಾನು ಮೊದಲು ಕೇಳುವುದು ಬಿಪಿ ಎಷ್ಟು ಅಂತ. ಸೋಡಾದ ತೂಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಸೋಡಿಯಮ್ಮೇ. ನನ್ನ 14 ಗ್ರಾಂನಲ್ಲಿ ಸುಮಾರು 3.8 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ 2 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ. ಸೋಡಾ ತಿಂದ ಸಂಜೆ ನನ್ನ ಉಂಗುರ ಬೆರಳಿನಿಂದ ಹೊರಬರುವುದಿಲ್ಲ, ತೂಕ ಅರ್ಧ ಕೆ.ಜಿ. ಹೆಚ್ಚಿರುತ್ತದೆ, ಅದೆಲ್ಲ ನೀರು. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇದ್ದವರು, ಬಸುರಿಯರು, ದಿನವೂ ಮಾತ್ರೆ ನುಂಗುವವರು ಇದರ ತಂಟೆಗೆ ಹೋಗಬಾರದು. ನಮ್ಮ ಗುಂಪಿನಲ್ಲಿ ನಲವತ್ತು ದಾಟಿದವರೇ ಹೆಚ್ಚು, ಅರ್ಧ ಜನ ಬಿಪಿ ಅಳೆಸಿಕೊಂಡೇ ಇಲ್ಲ.

ಆಮೇಲೆ ಕೇಳುವುದು, ಅದೇ ದೂರದಲ್ಲಿ ಹೋದ ಮೂರು ಸಲದ ಸಮಯ ಎಷ್ಟೆಷ್ಟು ಅಂತ. ಮೂರರ ನಡುವೆ ಎರಡು ಮೂರು ಸೆಕೆಂಡು ವ್ಯತ್ಯಾಸ ಇದ್ದರೆ ಸೋಡಾ ಕೊಡುವ ಲಾಭ ಆ ಗದ್ದಲದಲ್ಲಿ ಕಾಣಿಸುವುದೇ ಇಲ್ಲ. ಕಳೆದ ತಿಂಗಳು ಪಿಯುಸಿ ಓದುವ ಹುಡುಗನೊಬ್ಬ, 400 ಓಡುವವನು, "ಅಂಕಲ್, ನಂಗೂ ಕ್ಯಾಪ್ಸೂಲ್ ತುಂಬಿಕೊಡ್ತೀರಾ?" ಅಂದ. ಅವನ ಮೊದಲ 200 ಒಂದು ದಿನ 25 ಸೆಕೆಂಡು, ಇನ್ನೊಂದು ದಿನ 28. ಕೊಡುವುದಿಲ್ಲ ಅಂದೆ. ಅವನಿಗಿನ್ನೂ ಹದಿನೇಳು, ಅದಕ್ಕೂ ಕೊಡುವುದಿಲ್ಲ. ಸ್ಟಾಪ್‌ವಾಚ್ ಹಿಡಿದು ಅವನ ಮೊದಲ ಇನ್ನೂರನ್ನು ಆರು ವಾರ ನಾನೇ ನೋಡುತ್ತೇನೆ ಅಂತ ಒಪ್ಪಿಸಿದ್ದೇನೆ, ಶನಿವಾರ ಬೆಳಿಗ್ಗೆ ಬರುತ್ತಾನೆ.

ನಾನು? ವರ್ಷಕ್ಕೆ ಎರಡು ಕೂಟಕ್ಕೆ ಮಾತ್ರ, ಅದೂ ಓಟದ ವೇಳೆ ಖಾತ್ರಿ ಇದ್ದರೆ. 0.25ಕ್ಕೆ ಏರಿಸಿ ನೋಡಿದೆ, ಮತ್ತೆ ಹೊಟ್ಟೆ ತಿರುಗಿತು, 0.2ಕ್ಕೇ ನಿಂತಿದ್ದೇನೆ. ತುಂಬಿಟ್ಟ ಕ್ಯಾಪ್ಸೂಲಿನ ಡಬ್ಬದ ಮೇಲೆ ಹೆಂಡತಿ ಕೆಂಪು ಇಂಕಿನಲ್ಲಿ "ಬೋಂಡಾಕ್ಕಲ್ಲ" ಅಂತ ಬರೆದು ಅಂಟಿಸಿದ್ದಾಳೆ.