ಮಸ್ಯು: ಮೊದಲ ಗೆರೆ ಎಲ್ಲಿಂದ ಹೊರಡಬೇಕು

ಮಸ್ಯು ಜಪಾನಿನ ನಿಕೋಲಿ ಪ್ರಕಾಶನದ ಒಗಟು, ಚೌಕ ಮನೆಗಳ ಮೇಲೆ ಗೆರೆ ಎಳೆದು ಬಿಡಿಸುವಂಥದ್ದು. ಕೆಲವು ಮನೆಗಳಲ್ಲಿ ಕರಿ ಇಲ್ಲವೇ ಬಿಳಿ ಮುತ್ತು ಇರುತ್ತದೆ. ಮುತ್ತಿಗೆ ಜಪಾನಿ ಭಾಷೆಯಲ್ಲಿ ಶಿಂಜು ಎನ್ನುತ್ತಾರೆ. ಅದನ್ನು ಬರೆಯುವ ಅಕ್ಷರಗಳನ್ನು ತಪ್ಪಾಗಿ ಓದಿದ್ದರಿಂದ ಈ ಹೆಸರು ಬಂತು. ಮನೆಯ ನಡುವಿನಿಂದ ಪಕ್ಕದ ಮನೆಯ ನಡುವಿಗೆ ಗೆರೆ ಎಳೆಯುತ್ತ, ಎಲ್ಲ ಮುತ್ತುಗಳನ್ನೂ ಪೋಣಿಸಿ, ಹೊರಟಲ್ಲಿಗೇ ಬಂದು ಸೇರುವ ಒಂದೇ ಸುತ್ತಿನ ಸರ ಕಟ್ಟಬೇಕು. ಗೆರೆ ತನ್ನನ್ನೇ ದಾಟುವಂತಿಲ್ಲ, ಕವಲೊಡೆಯುವಂತಿಲ್ಲ. ಮುತ್ತಿಲ್ಲದ ಮನೆಗಳು ಖಾಲಿ ಉಳಿದರೆ ತೊಂದರೆಯಿಲ್ಲ.

ಕರಿ ಮುತ್ತಿನಲ್ಲಿ ಗೆರೆ ತಿರುಗಲೇಬೇಕು, ಆದರೆ ಅದರ ಎರಡೂ ಪಕ್ಕದ ಮನೆಗಳಲ್ಲಿ ನೇರ ಹೋಗಬೇಕು. ಅಂದರೆ ಕರಿಯಿಂದ ಹೊರಡುವ ಪ್ರತಿ ಕಾಲಿಗೂ ಎರಡು ಮನೆಯಷ್ಟು ಜಾಗ ಬೇಕು. ಬಿಳಿ ಮುತ್ತಿನಲ್ಲಿ ಗೆರೆ ನೇರ ಹೋಗಬೇಕು. ಅದರ ಹಿಂದಿನ ಅಥವಾ ಮುಂದಿನ ಮನೆಯಲ್ಲಿ, ಕನಿಷ್ಠ ಒಂದು ಕಡೆ, ತಿರುಗಬೇಕು. ಹೊಸಬರು ಹೆಚ್ಚಾಗಿ ಎಡವುವುದು ಇಲ್ಲೇ: ಬಿಳಿಯ ಎರಡೂ ಕಡೆ ತಿರುವು ಇರಲೇಬೇಕೆಂದುಕೊಂಡು ಇಲ್ಲದ ಗೆರೆ ಎಳೆಯುತ್ತಾರೆ.

ಈ ಪುಟ್ಟ ಒಗಟನ್ನು ನೋಡಿ. (2,4) ಎಂದರೆ ಮೇಲಿನಿಂದ 2ನೇ ಸಾಲು, ಎಡದಿಂದ 4ನೇ ಮನೆ.

```
. . . . ○ .
. ● . ○ . .
. . . . . ○
. . ○ . . .
. . . . ○ .
. . ○ ○ . .
```

ನಾನು ಮೊದಲು ಕಣ್ಣು ಹಾಯಿಸುವುದು ಅಂಚಿನ ಕಡೆಗೆ. (2,2)ರ ಕರಿ ಮುತ್ತು ಮೇಲಕ್ಕೆ ಹೋಗಲಾರದು, ಅಲ್ಲಿರುವುದು ಒಂದೇ ಮನೆ. ಎಡಕ್ಕೂ ಅಷ್ಟೇ. ಹಾಗಾಗಿ ಬಲಕ್ಕೆ (2,4)ರವರೆಗೆ, ಕೆಳಕ್ಕೆ (4,2)ರವರೆಗೆ ಗೆರೆ ಖಚಿತ. ಕರಿ ಮುತ್ತು ಅಂಚಿನಲ್ಲೇ ಇರಲಿ, ಅಂಚಿನಿಂದ ಒಂದು ಮನೆ ಒಳಗಿರಲಿ, ಫಲ ಒಂದೇ. ಈ ಎರಡನೆಯದನ್ನು ಗಮನಿಸದೆ ಬಿಡುವವರು ಬಹಳ.

ಕೆಳ ಅಂಚಿನ ಜೋಡಿ ಬಿಳಿ ಇನ್ನೂ ಹೆಚ್ಚು ಕೊಡುತ್ತದೆ. ಅಂಚಿನ ಬಿಳಿಯಲ್ಲಿ ಗೆರೆ ಅಂಚಿನ ಗುಂಟವೇ ಸಾಗಬೇಕು. (6,3)ಕ್ಕೆ ತಿರುವು ಬೇಕು, ಆದರೆ ಬಲಕ್ಕಿರುವ (6,4) ತಾನೇ ಬಿಳಿ, ಅಲ್ಲಿ ತಿರುಗುವಂತಿಲ್ಲ. ಆದ್ದರಿಂದ (6,2)ರಲ್ಲೇ ಮೇಲಕ್ಕೆ ತಿರುಗಿ (5,2)ಕ್ಕೆ ಬರಬೇಕು. ಇದೇ ಕಾರಣಕ್ಕೆ ಇನ್ನೊಂದು ತುದಿ (6,5)ರಿಂದ (5,5)ಕ್ಕೆ ಏರುತ್ತದೆ. (5,5) ಸ್ವತಃ ಬಿಳಿಯಾದ್ದರಿಂದ ಗೆರೆ ನೇರ (4,5)ಕ್ಕೆ ಹೋಗುತ್ತದೆ.

ಮೇಲೆ (1,5) ಅಡ್ಡಕ್ಕೇ ಸಾಗಬೇಕು: (1,4)ರಿಂದ (1,6)ಕ್ಕೆ. ಮೂಲೆಯಲ್ಲಿ ಗೆರೆ ತಾನಾಗಿ (2,6)ಕ್ಕೆ ಇಳಿಯುತ್ತದೆ. ಅಲ್ಲಿಂದ (3,6)ರ ಬಿಳಿಗೆ ನೇರ ಬಂದದ್ದರಿಂದ ಅದರ ತಿರುವು ಹಿಂದೆ ಸಿಗಲಿಲ್ಲ. ಮುಂದಿನ (4,6)ರಲ್ಲಿ ತಿರುಗಿ (4,5)ನ್ನು ಸೇರಲೇಬೇಕು. ಬಿಳಿಯ ಒಂದು ಕಡೆ ನೇರ ಎಂದು ಗೊತ್ತಾದ ಕೂಡಲೇ ಇನ್ನೊಂದು ಕಡೆಯ ತಿರುವನ್ನು ಗುರುತು ಹಾಕಿಬಿಡುವುದು ನನ್ನ ಅಭ್ಯಾಸ. (2,4)ಕ್ಕೂ ಇದೇ: ಕರಿಯ ಕಾಲು (2,3)ರಲ್ಲಿ ನೇರ ಬಂದಿದೆ, ಹಾಗಾಗಿ (2,5)ರಲ್ಲಿ ತಿರುವು. ಮೇಲಿನ (1,5) ಭರ್ತಿಯಾಗಿದೆ, ಉಳಿದದ್ದು ಕೆಳಗಿನ (3,5).

ಇನ್ನು (1,4)ರ ತುದಿಗೆ ಕೆಳಗೆ ದಾರಿಯಿಲ್ಲ. ಅದು ಎಡಕ್ಕೆ ಸರಿಯುತ್ತ (1,1) ಮುಟ್ಟಿ, ಅಂಚಿನಲ್ಲೇ ಇಳಿದು (4,1)ಕ್ಕೆ ಬರುತ್ತದೆ. ದಾರಿಯುದ್ದಕ್ಕೂ ಒಳಮಗ್ಗುಲಿನ ಮನೆಗಳೆಲ್ಲ ಭರ್ತಿ.

(4,1)ರಲ್ಲಿ ಎರಡು ದಾರಿ: ಬಲಕ್ಕೆ (4,2), ಇಲ್ಲವೇ ಕೆಳಕ್ಕೆ (5,1). ಮುತ್ತಿನ ನಿಯಮ ಇಲ್ಲಿ ಏನೂ ಹೇಳುವುದಿಲ್ಲ, ಒಂದೇ ಸುತ್ತು ಎಂಬ ನಿಯಮ ಹೇಳುತ್ತದೆ. (5,1)ಕ್ಕೆ ಇಳಿದರೆ ಮುಂದೆ (6,1) ಕುರುಡು ಮೂಲೆ, ಅದರ ಬಲದ (6,2) ತುಂಬಿದೆ. (5,2)ನ್ನು ಸೇರಿದರೆ ಹೊರಸುತ್ತು ಅಲ್ಲೇ ಮುಚ್ಚಿಹೋಗಿ ಕರಿ ಮುತ್ತು ಒಳಗೆ ಉಳಿಯುತ್ತದೆ. ಆದ್ದರಿಂದ (4,1)ರಿಂದ (4,2)ಕ್ಕೆ.

(4,2) ತುಂಬಿದ್ದರಿಂದ (4,3)ರ ಬಿಳಿ ಮೇಲೆ-ಕೆಳಗೇ ಸಾಗಬೇಕು: (3,3)ರಿಂದ (5,3)ಕ್ಕೆ. (3,3)ಕ್ಕೆ ಉಳಿದ ದಾರಿ (3,4), ಅಲ್ಲಿಂದ (3,5). (5,2)ರ ತುದಿ (5,1)ಕ್ಕೆ ಹೋದರೆ ಮೂಲೆಯಲ್ಲಿ ಸಿಕ್ಕಿಬೀಳುತ್ತದೆ, ಹಾಗಾಗಿ (5,3)ನ್ನೇ ಸೇರಬೇಕು. ಸುತ್ತು ಮುಚ್ಚಿತು, ಎಲ್ಲೂ ಊಹೆ ಬೇಕಾಗಲಿಲ್ಲ.

ಗೆರೆಯಷ್ಟೇ ಮುಖ್ಯವಾಗಿ, ಗೆರೆ ಹೋಗಲಾರದ ಗೋಡೆಯ ಮೇಲೆ ಸಣ್ಣ × ಹಾಕಿಕೊಳ್ಳಿ. ಭರ್ತಿಯಾದ ಮನೆಯ ಉಳಿದ ಎರಡೂ ಗೋಡೆಗೆ ಆಗಿಂದಾಗಲೇ ಹಾಕಿದರೆ (1,4)ರಿಂದ (4,1)ರವರೆಗಿನಂಥ ಓಟ ನೋಡಿದ ತಕ್ಷಣ ಕಾಣುತ್ತದೆ. ಗೆರೆಯೊಂದು ಹೊಕ್ಕ ಮನೆಯ ಉಳಿದ ಮೂರೂ ಗೋಡೆಗೆ × ಬಿದ್ದಿದ್ದರೆ ಹಿಂದೆಲ್ಲೋ ತಪ್ಪಾಗಿದೆ. ಸಾಮಾನ್ಯವಾಗಿ ಕರಿಯ ಕಾಲನ್ನು ಒಂದೇ ಮನೆಗೆ ತಿರುಗಿಸಿರುತ್ತೇವೆ. ಮೊದಲು ಅದನ್ನೇ ನೋಡಿ.