ವಿಮಾನ ಹುಡುಕಾಟದ ಫಲಿತಾಂಶದಲ್ಲಿ ಒಂದು ಸಾಲು ಓದುವ ಬಗೆ

ಶಿಕಾಗೋದಿಂದ ಪ್ಯಾರಿಸ್‌ಗೆ ಟಿಕೆಟ್ ಹುಡುಕಿದಾಗ ಇಂಥದೊಂದು ಫಲಿತಾಂಶ ಬಂತು ಅಂದುಕೊಳ್ಳಿ:

```
1:00 PM – 9:00 AM+1   ORD–CDG
13 hr   1 stop   3 hr 15 min LGA, JFK
```

ಮೊದಲು ಸಮಯ ನೋಡೋಣ. ಹೊರಡುವುದು ಶಿಕಾಗೋ ಗಡಿಯಾರದಲ್ಲಿ ಮಧ್ಯಾಹ್ನ 1ಕ್ಕೆ, ಇಳಿಯುವುದು ಪ್ಯಾರಿಸ್ ಗಡಿಯಾರದಲ್ಲಿ ಬೆಳಿಗ್ಗೆ 9ಕ್ಕೆ. +1 ಅಂದರೆ ಇಳಿಯುವುದು ಮರುದಿನದ ತಾರೀಖಿಗೆ. ಒಂದರಿಂದ ಒಂಬತ್ತಕ್ಕೆ ಎಣಿಸಿದರೆ 20 ಗಂಟೆ ಆಗುತ್ತದೆ, ಆದರೆ ಪರದೆ 13 ಎನ್ನುತ್ತದೆ. ತಪ್ಪೇನಿಲ್ಲ: ಪ್ಯಾರಿಸ್ ಗಡಿಯಾರ ವರ್ಷದ ಬಹುಪಾಲು 7 ಗಂಟೆ ಮುಂದಿರುತ್ತದೆ, ಅದನ್ನು ಕಳೆಯಬೇಕು. ಹಾಗಾಗಿ ಎರಡು ಟಿಕೆಟ್ ಹೋಲಿಸುವಾಗ ಗಡಿಯಾರದ ಸಮಯ ಬಿಟ್ಟು ಈ ಒಟ್ಟು ಅವಧಿಯನ್ನೇ ನೋಡಿ. ಹೋಟೆಲ್ ಬುಕ್ ಮಾಡುವಾಗ, ಕರೆದೊಯ್ಯಲು ಬರುವವರಿಗೆ ತಿಳಿಸುವಾಗ ಮಾತ್ರ ಇಳಿಯುವ ತಾರೀಖು ಬೇಕು. ಪ್ರಮಾದ ಹೆಚ್ಚಾಗಿ ಅಲ್ಲೇ ಆಗುವುದು.

1 stop ಅಂದರೆ ದಾರಿಯಲ್ಲಿ ಒಂದು ಕಡೆ ಇಳಿಯುವುದು. ಎಲ್ಲೂ ಇಳಿಯದ್ದಕ್ಕೆ Nonstop ಎಂದಿರುತ್ತದೆ. Direct ಎಂದಿದ್ದರೆ ಕೊಂಚ ಅನುಮಾನಿಸಿ, ಅದೇ ನಂಬರಿನ ವಿಮಾನ ನಡುವೆ ಒಂದೂರಲ್ಲಿ ಇಳಿದು ಹೋಗುವುದಕ್ಕೂ ಆ ಹೆಸರಿದೆ.

ಈ ಸಾಲಿನ ನಿಜವಾದ ತೊಡಕು ಕೊನೆಯಲ್ಲಿದೆ. ನಿಲುಗಡೆ ಒಂದೇ ಆದರೂ ಅಕ್ಷರಗಳು ಎರಡು ಬಗೆ: LGA, JFK. ಎರಡೂ ನ್ಯೂಯಾರ್ಕಿನವೇ, ಆದರೆ ಬೇರೆ ಬೇರೆ ವಿಮಾನ ನಿಲ್ದಾಣಗಳು. ಸಾಲಿನ ಮೇಲೆ ಒತ್ತಿ ವಿವರ ತೆರೆದರೆ ಸಂಜೆ 4:15ಕ್ಕೆ LGAಯಲ್ಲಿ ಇಳಿದು, 7:30ಕ್ಕೆ JFKಯಿಂದ ಹೊರಡುವುದು ಕಾಣುತ್ತದೆ. ಮೂರೂಕಾಲು ಗಂಟೆ ಧಾರಾಳ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ. ನಿಲ್ದಾಣ ಬದಲಾದರೆ ಚೆಕ್-ಇನ್ ಮಾಡಿದ ಲಗೇಜನ್ನು ಸಾಮಾನ್ಯವಾಗಿ ನೀವೇ ತೆಗೆದುಕೊಂಡು ಮತ್ತೆ ಕೊಡಬೇಕು, ಅದನ್ನು ಹಿಡಿದು ಹೊರಬರುವಷ್ಟರಲ್ಲಿ 5 ಗಂಟೆ. ಅಂತರರಾಷ್ಟ್ರೀಯ ವಿಮಾನದ ಚೆಕ್-ಇನ್ ಕೌಂಟರ್ ಹಲವು ಕಂಪನಿಗಳಲ್ಲಿ ಒಂದು ಗಂಟೆ ಮೊದಲೇ, ಅಂದರೆ 6:30ಕ್ಕೆ ಮುಚ್ಚುತ್ತದೆ. ಉಳಿದದ್ದು ಒಂದೂವರೆ ಗಂಟೆ, ಅದೂ ಸಂಜೆಯ ಟ್ರಾಫಿಕ್ಕಿನಲ್ಲಿ. ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾದರೆ ಅದೂ ಅರ್ಧವಾಗುತ್ತದೆ. ಇಂಥ ಟಿಕೆಟ್ ಅಗ್ಗವಾಗಿದ್ದರೂ ಹೊಸಬರು ಬಿಟ್ಟುಬಿಡುವುದೇ ಒಳ್ಳೆಯದು.

ಪತ್ತೆ ಹಚ್ಚುವುದು ಸುಲಭ. ಮೊದಲ ವಿಮಾನ ಇಳಿಯುವ ಕಡೆಯ ಮೂರಕ್ಷರವೂ ಎರಡನೆಯದು ಹೊರಡುವ ಕಡೆಯ ಮೂರಕ್ಷರವೂ ಒಂದೇ ಇರಬೇಕು. ಲಂಡನ್ನಿನಲ್ಲಿ LHR, LGW ಹೀಗೆಯೇ ಬೇರೆ ಬೇರೆ. ಬೇರೆ ದೇಶದಿಂದ ಬಂದು ಇವೆರಡರ ನಡುವೆ ಓಡಾಡಬೇಕಾದರೆ ಬ್ರಿಟನ್ನಿನ ಗಡಿ ತಪಾಸಣೆ ದಾಟಬೇಕು. ನಿಮ್ಮ ಪಾಸ್‌ಪೋರ್ಟಿಗೆ ಅಲ್ಲಿ ವೀಸಾ ಬೇಕೇ ಎಂಬುದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳಿ.

ವಿವರದಲ್ಲಿ Self transfer ಅಥವಾ Separate tickets ಎಂದಿದ್ದರೆ ಎರಡು ವಿಮಾನಗಳಿಗೂ ಟಿಕೆಟ್ ಬೇರೆ ಬೇರೆ. ಮೊದಲನೆಯದು ತಡವಾಗಿ ಎರಡನೆಯದು ತಪ್ಪಿಹೋದರೆ ಎರಡನೇ ಕಂಪನಿ ಅದಕ್ಕೆ ಹೊಣೆಯಲ್ಲ, ಹೊಸ ಟಿಕೆಟ್ಟಿನ ಖರ್ಚು ಸಾಮಾನ್ಯವಾಗಿ ನಿಮ್ಮದೇ.