ಕೋಲು ಕೈಯಲ್ಲಿ, ಬಟ್ಟಲು ಮೇಜಿನ ಮೇಲೆ

ಷಟಲ್ ಆಡುವ ಕಡೆ ಒಬ್ಬರ ಪರಿಚಯವಾಯಿತು. ಎರಡೇ ಭೇಟಿ, ಅಷ್ಟಕ್ಕೇ ಮನಸ್ಸು ಅಲ್ಲೇ ಸುತ್ತತೊಡಗಿತು. ರಾತ್ರಿ ಟ್ಯಾರೋ ಕಾರ್ಡ್ ತೆಗೆದು ಕೂತೆ. ಬೇರೆಯವರಿಗೆ ಆರು ವರ್ಷದಿಂದ ನೋಡುತ್ತೇನೆ. ನನಗೇ ನೋಡಿಕೊಳ್ಳುವಾಗ ಮಾತ್ರ ಕೈ ನಡುಗುತ್ತದೆ.

'ಅವರಿಗೂ ನಾನು ಇಷ್ಟವಾ?' ಅಂತ ನಾನು ಕೇಳುವುದಿಲ್ಲ. ಎದುರಿಗಿಲ್ಲದವರ ಮನಸ್ಸನ್ನು ಕಾರ್ಡ್ ಓದಲಾರದು. ಹಾಗಾಗಿ ಮೂರು ಜಾಗ ಇಟ್ಟುಕೊಂಡೆ: ನನ್ನೊಳಗೆ ಏನಾಗುತ್ತಿದೆ, ಅವರು ನನಗೆ ಹೇಗೆ ಕಾಣುತ್ತಿದ್ದಾರೆ, ನಾನು ಏನನ್ನು ಗಮನಿಸಬೇಕು.

ಮೊದಲನೆಯದು ಏಸ್ ಆಫ್ ವಾಂಡ್ಸ್. ಎರಡನೆಯದು ಮ್ಯಾಜಿಷಿಯನ್. ಎದೆ ಧಸಕ್ ಅಂದಿತು. ಎರಡಕ್ಕೂ ಒಂದನೇ ನಂಬರ್, ಎರಡೂ ಆರಂಭದ ಕಾರ್ಡ್. 'ಇದೇ, ಇದೇ' ಅನ್ನಿಸಿತು. ಹಾಗೆ ಅನ್ನಿಸಿದ ಕೂಡಲೇ ನಾನು ಅರ್ಥ ಹುಡುಕುವುದನ್ನು ಬಿಟ್ಟು ಚಿತ್ರ ನೋಡುತ್ತೇನೆ.

ನನ್ನ ಹತ್ತಿರ ಇರುವುದು 1909ರಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಚಿತ್ರಗಳ ಕಟ್ಟು. ಏಸ್‌ನಲ್ಲಿ ಮೋಡದಿಂದ ಒಂದು ಕೈ ಬಂದು ಚಿಗುರೊಡೆದ ಕೋಲು ಹಿಡಿದಿದೆ. ಬೇರೆ ಯಾರೂ ಇಲ್ಲ. ಕೋಟೆ ಇದೆ, ಆದರೆ ಎಲ್ಲೋ ದೂರದಲ್ಲಿ. ಇದು ಬಿದ್ದಿರುವುದು ನನ್ನ ಜಾಗದಲ್ಲಿ. ಟ್ಯಾರೋದಲ್ಲಿ ಕೋಲು ಅಂದರೆ ಬೆಂಕಿ, ಸೆಳೆತ. ಅಂದರೆ ಆ ಬೆಂಕಿ ನನ್ನದು. ಅವರು ಹಚ್ಚಿದ್ದು ಅಂತ ಇಲ್ಲೆಲ್ಲೂ ಇಲ್ಲ.

ಮ್ಯಾಜಿಷಿಯನ್ ಮುಂದೆ ಮೇಜು. ಅದರ ಮೇಲೆ ಬಟ್ಟಲು, ಕತ್ತಿ, ನಾಣ್ಯ, ಕೋಲು ಎಲ್ಲಾ ಇವೆ. ಎತ್ತಿದ ಕೈಯಲ್ಲಿ ಮಾತ್ರ ಇನ್ನೊಂದು ಪುಟ್ಟ ಕೋಲು. ಟ್ಯಾರೋದಲ್ಲಿ ಬಟ್ಟಲು ಅಂದರೆ ಪ್ರೀತಿ, ಮಮತೆ. ಎರಡೂ ಕಾರ್ಡಿನಲ್ಲಿ ಕೋಲು ಕೈಯಲ್ಲಿದೆ, ಬಟ್ಟಲನ್ನು ಯಾರೂ ಎತ್ತಿಲ್ಲ. ಆಕರ್ಷಣೆ ನಿಜ, ಒಲವು ಇನ್ನೂ ಶುರುವೇ ಆಗಿಲ್ಲ ಅಂತ ಓದಿಕೊಂಡೆ. ಹಳೆಯ ಫ್ರೆಂಚ್ ಕಟ್ಟುಗಳಲ್ಲಿ ಇದೇ ಕಾರ್ಡ್ ಬೀದಿಯಲ್ಲಿ ಕಣ್ಕಟ್ಟು ಮಾಡುವವನದು. ಹಾಗಂತ ಇವರು ಮೋಸಗಾರ ಅನ್ನಲಾಗದು. ಮಾತಿನಲ್ಲಿ ಚತುರರು, ನಾನು ಆ ಚತುರತೆಗೆ ಸೋತಿದ್ದೇನೆ, ಅಷ್ಟೇ.

ಮೂರನೆಯದು ಸೆವೆನ್ ಆಫ್ ಕಪ್ಸ್. ಅಂತೂ ಬಟ್ಟಲು ಬಂತು, ಒಂದಲ್ಲ ಏಳು, ಎಲ್ಲವೂ ಮೋಡದ ಮೇಲೆ! ನಗು ಬಂತು. ಎರಡು ಭೇಟಿಗೇ ನಾನು ಎಷ್ಟು ಕಥೆ ಕಟ್ಟಿದ್ದೆ ಅಂತ ನನಗೇ ಗೊತ್ತಲ್ವಾ? ಟೂ ಆಫ್ ಕಪ್ಸ್ ಬಂದಿದ್ದರೆ ಬೇರೆ ಥರ ಓದುತ್ತಿದ್ದೆ. ಅದರಲ್ಲಿ ಇಬ್ಬರ ಕೈಯಲ್ಲೂ ಬಟ್ಟಲಿದೆ.

ಆಮೇಲೆ ಒಂದು ತಪ್ಪು ಮಾಡಿದೆ. ಅದೇ ಪ್ರಶ್ನೆಗೆ ಮತ್ತೆ ಕಲಸಿ ಮೂರು ಎಳೆದೆ. ಏನೇನೋ ಬಂತು, ಯಾವುದಕ್ಕೂ ತಲೆಬುಡ ಇಲ್ಲ. ಮೊದಲ ಸಲದ್ದನ್ನೇ ನೋಟ್‌ಬುಕ್ಕಿನಲ್ಲಿ ಬರೆದು, ಕೆಳಗೆ ಒಂದು ಸಾಲು ಸೇರಿಸಿದೆ: 'ಅವರು ನನ್ನ ಬಗ್ಗೆ ಏನು ಕೇಳುತ್ತಾರೆ, ನೋಡು.'

ಮೂರು ವಾರ ನೋಡಿದೆ. ಬೈಕ್, ಟ್ರೆಕ್ಕಿಂಗ್, ಆಫೀಸಿನ ತಮಾಷೆ, ಎಲ್ಲಾ ಸೊಗಸಾಗಿ ಹೇಳಿದರು. ನಿಮ್ಮ ಊರು ಯಾವುದು ಅಂತ ಮಾತ್ರ ಇನ್ನೂ ಕೇಳಿಲ್ಲ. ಅವರು ಸರ್ವ್ ಮಾಡುವಾಗ ಈಗಲೂ ನನ್ನ ಕಣ್ಣು ಅಲ್ಲೇ ಹೋಗುತ್ತದೆ.